ವೆಲ್‌ಕಮ್ ಮೇಲ್ ಕಳಿಸುವ ಮುಂಚೆ ಅದರಲ್ಲಿರೋ ಲಿಂಕ್ ಒಂದ್ಸಲ ಒತ್ತಿ ನೋಡಿ

ಜುಲೈನಲ್ಲಿ ಹೊಸ ಕೆಲಸಕ್ಕೆ ಸೇರಿದೆ. ಔಟರ್ ರಿಂಗ್ ರೋಡ್‌ನಲ್ಲಿರೋ ಆಫೀಸು, ಹೆಸರು ಬೇಡ. ಮೊದಲ ವಾರ ಹೇಗೆ ಹಾಳಾಯಿತು ಅನ್ನೋದನ್ನ ಇಲ್ಲಿ ಬರೆದೇ ಬಿಡ್ತೀನಿ, ಇಲ್ಲದಿದ್ದರೆ ಸಿಟ್ಟು ಇಳಿಯಲ್ಲ.

ಸೋಮವಾರ ಒಂಬತ್ತು ಗಂಟೆಗೇ ರಿಸೆಪ್ಶನ್‌ನಲ್ಲಿದ್ದೆ. ಸೆಕ್ಯುರಿಟಿಯವರು "ಯಾರನ್ನ ನೋಡ್ಬೇಕು ಮೇಡಂ?" ಅಂದರು. ನನಗೆ ಗೊತ್ತಿಲ್ಲ. ಮ್ಯಾನೇಜರ್‌ಗೆ ಫೋನ್ ಮಾಡಿದರೆ ಸ್ವಿಚ್ ಆಫ್. ಹನ್ನೊಂದೂ ಮುಕ್ಕಾಲಿಗೆ ಎಚ್‌ಆರ್‌ನಿಂದ ಒಬ್ಬರು ಬಂದು, "ಶುಕ್ರವಾರವೇ ಮೇಲ್‌ನಲ್ಲಿ ಎಲ್ಲಾ ಕಳಿಸಿದ್ವಲ್ಲ, ನೋಡಿಲ್ವಾ?" ಅಂದರು. ಎಲ್ಲಿಗೆ ಕಳಿಸಿದ್ದರು ಗೊತ್ತಾ? ನನ್ನ ಹೊಸ ಆಫೀಸ್ ಐಡಿಗೆ. ಆ ಐಡಿ ತೆರೆಯೋಕೆ ಲ್ಯಾಪ್‌ಟಾಪ್ ಬೇಕು, ಲ್ಯಾಪ್‌ಟಾಪ್ ಸಿಗೋದು ಸೇರಿದ ದಿನ, ಅದನ್ನ ಯಾರ ಹತ್ತಿರ ಇಸ್ಕೋಬೇಕು ಅನ್ನೋದು ಆ ಮೇಲ್‌ನಲ್ಲಿದೆ. ಆಫರ್ ಲೆಟರ್, ದಾಖಲೆ ಕೇಳೋ ಮೇಲ್, ಪಿಎಫ್ ಫಾರ್ಮು ಎಲ್ಲಾ ನನ್ನ ಸ್ವಂತ ಐಡಿಗೆ ಬಂದಿತ್ತು. ಇದೊಂದನ್ನೂ ಅಲ್ಲಿಗೇ ಕಳಿಸೋಕೆ ಏನು ಕಷ್ಟವಿತ್ತು?

ಮಧ್ಯಾಹ್ನ ಊಟ ಆದ ಮೇಲೆ ಮೇಲ್ ತೆರೆಯಿತು. ನೋಡೋಕೆ ಚೆನ್ನಾಗಿತ್ತು, ಟೀಮಿನ ಫೋಟೋ, ದಿನಕ್ಕೊಂದು ಸಾಲಿನ ವೇಳಾಪಟ್ಟಿ, ಯಾರನ್ನ ಸಂಪರ್ಕಿಸಬೇಕು, ಯಾವ ಟೂಲ್ ಬೇಕು, ಎಲ್ಲಾ ಇತ್ತು. ಆಕ್ಸೆಸ್‌ಗೆ ಅಂತ ಒಬ್ಬರ ಹೆಸರಿತ್ತು, ಅವರಿಗೆ ಬರೆದೆ. ಎರಡೇ ನಿಮಿಷದಲ್ಲಿ `550 5.1.10` ಅಂತ ವಾಪಸ್ ಬಂತು. ಅಂಥ ವಿಳಾಸವೇ ಇಲ್ಲ ಅಂತ ಅದರ ಅರ್ಥ. ಪಕ್ಕದವರನ್ನ ಕೇಳಿದರೆ ಆ ಮನುಷ್ಯ ಮಾರ್ಚ್‌ನಲ್ಲೇ ಕೆಲಸ ಬಿಟ್ಟಿದ್ದಾರೆ! ಐಟಿ ಹೆಲ್ಪ್‌ಡೆಸ್ಕ್‌ಗೆ ಅಂತ ಬರೀ ಐದು ಅಂಕಿಯ ಎಕ್ಸ್‌ಟೆನ್ಶನ್ ಕೊಟ್ಟಿದ್ದರು. ನಮ್ಮ ಫ್ಲೋರ್‌ನಲ್ಲಿ ಯಾರ ಟೇಬಲ್ ಮೇಲೂ ಫೋನೇ ಇಲ್ಲ. ಮ್ಯಾನೇಜರ್ ರಜೆಯಲ್ಲಿ, ಮುಂದಿನ ಸೋಮವಾರ ಬರ್ತಾರೆ. ಅವರಿಲ್ಲದಾಗ ಯಾರನ್ನ ಕೇಳಬೇಕು ಅನ್ನೋದು ಎಲ್ಲೂ ಇಲ್ಲ.

ಮಂಗಳವಾರದ ಸಾಲಿನಲ್ಲಿ "ಅಮೆರಿಕದ ಟೀಮಿನ ಜೊತೆ ಪರಿಚಯ, 9:00 AM EST" ಅಂತ ಬರೆದು ಪಕ್ಕದಲ್ಲಿ ಲಿಂಕ್ ಕೊಟ್ಟಿದ್ದರು. ಕ್ಯಾಲೆಂಡರ್‌ಗೆ ಇನ್ವೈಟ್ ಬಂದಿರಲಿಲ್ಲ, ಅದು ಹೋಗಿದ್ದು ಟೀಮಿನ ಗ್ರೂಪ್ ಐಡಿಗೆ, ಆ ಗ್ರೂಪಿನಲ್ಲಿ ನಾನಿನ್ನೂ ಇಲ್ಲ. ಸರಿ, ನಾನೇ ಲೆಕ್ಕ ಹಾಕಿದೆ. EST ಅಂದರೆ ನಮಗಿಂತ ಹತ್ತೂವರೆ ಗಂಟೆ ಹಿಂದೆ, ಹಾಗಾದರೆ ಸಂಜೆ ಏಳೂವರೆ. ಏಳೂ ಇಪ್ಪತ್ತೈದಕ್ಕೇ ಲಿಂಕ್ ಒತ್ತಿ ಕೂತೆ, ಏಳೂ ಮುಕ್ಕಾಲಾದರೂ ಒಬ್ಬರೂ ಬರಲಿಲ್ಲ. ಮೀಟಿಂಗ್ ಆರೂವರೆಗೇ ಶುರುವಾಗಿ ಮುಗಿದೂ ಹೋಗಿತ್ತು. ಅಮೆರಿಕದಲ್ಲಿ ಮಾರ್ಚ್‌ನ ಎರಡನೇ ಭಾನುವಾರದಿಂದ ನವೆಂಬರ್‌ನ ಮೊದಲ ಭಾನುವಾರದವರೆಗೆ ಗಡಿಯಾರ ಒಂದು ಗಂಟೆ ಮುಂದೆ ಇಟ್ಟಿರ್ತಾರೆ. ಆಗ ಅಲ್ಲಿ ನಡೆಯೋದು EDT, ನಮಗೂ ಅವರಿಗೂ ಅಂತರ ಒಂಬತ್ತೂವರೆ ಗಂಟೆ ಮಾತ್ರ. ಮೇಲ್ ಟೆಂಪ್ಲೇಟ್ ಚಳಿಗಾಲದಲ್ಲಿ ಮಾಡಿದ್ದಿರಬೇಕು, ಆಮೇಲೆ ಯಾರೂ ಮುಟ್ಟಿಲ್ಲ. ಮಾರನೇ ದಿನ ಲೀಡ್, "ಪರಿಚಯದ ಮೀಟಿಂಗ್‌ಗೇ ಬರಲಿಲ್ವಲ್ಲ" ಅಂದರು. ನಾನು EST ಕಥೆ ಹೇಳಿದರೆ ನೆಪ ಹೇಳ್ತಿದ್ದೀನಿ ಅನ್ನೋ ಹಾಗೆ ನೋಡಿದರು. ಬೆಂಗಳೂರಿನಲ್ಲಿ ಕೂತವಳಿಗೆ "ಸಂಜೆ 6:30" ಅಂತ ಬರೆದಿದ್ದರೆ ಮುಗಿದಿತ್ತು ಅಲ್ವಾ.

ನನ್ನ ಹೊಟ್ಟೆ ನಿಜವಾಗಿ ಉರಿದಿದ್ದು ಬುಧವಾರ. "ರೆಪೊ ಕ್ಲೋನ್ ಮಾಡಿಕೊಂಡು ಸಂಜೆಯೊಳಗೆ ಬಿಲ್ಡ್ ಓಡಿಸಿ" ಅಂತ ಮೇಲ್‌ನಲ್ಲಿತ್ತು, ಗಿಟ್‌ಹಬ್ ಲಿಂಕ್ ಸಮೇತ. ಅಂದರೆ ಗಿಟ್‌ಹಬ್‌ನಲ್ಲಿರೋ ಟೀಮಿನ ಕೋಡನ್ನ ನನ್ನ ಲ್ಯಾಪ್‌ಟಾಪ್‌ಗೆ ಇಳಿಸಿಕೊಂಡು ಓಡಿಸಬೇಕು. ಕ್ಲೋನ್ ಕೊಟ್ಟರೆ ಇದು ಬಂತು:

```
ERROR: Repository not found.
fatal: Could not read from remote repository.
```

ನಾಟ್ ಫೌಂಡ್ ಅಂದರೆ ಯಾರಾದರೂ ಏನಂದುಕೊಳ್ತಾರೆ? ಲಿಂಕ್ ತಪ್ಪಿದೆ ಅಂತ ತಾನೇ. ಮೇಲ್‌ನಲ್ಲಿ ಇಷ್ಟೆಲ್ಲಾ ತಪ್ಪಿರುವಾಗ ಇದೂ ಹಳೇ ಲಿಂಕ್ ಇರಬೇಕು ಅಂದುಕೊಂಡು ಹುಡುಕಿದೆ. ಅಕ್ಷರ ಅಕ್ಷರ ನೋಡಿದೆ, ಸರಿಯಾಗೇ ಇತ್ತು. ನಾನು ಯಾರು ಅಂತ ಗಿಟ್‌ಹಬ್‌ಗೆ ತೋರಿಸೋ ಎಸ್‌ಎಸ್‌ಎಚ್ ಕೀ ಕೆಟ್ಟಿರಬಹುದು ಅಂತ ಹೊಸದು ಮಾಡಿದೆ. `ssh -T git@github.com` ಕೊಟ್ಟರೆ ನನ್ನ ಹೆಸರು ಹಿಡಿದು ಹಾಯ್ ಅಂತಲೂ ಬರ್ತಿದೆ, ಅಂದರೆ ಕೀ ಸರಿಯಿದೆ, ಆದರೂ ಕ್ಲೋನ್ ಮಾತ್ರ ಆಗ್ತಿಲ್ಲ. ಬುಧವಾರ ಪೂರ್ತಿ ಹೋಯಿತು, ಗುರುವಾರ ಅರ್ಧ ದಿನವೂ ಹೋಯಿತು.

ಕೊನೆಗೆ ಹಿಂದಿನ ಸಾಲಿನಲ್ಲಿ ಕೂರೋ ಒಬ್ಬರು ಸ್ಕ್ರೀನ್ ನೋಡಿ, "ನಿಮ್ಮನ್ನ ಗಿಟ್‌ಹಬ್‌ನಲ್ಲಿ ಟೀಮ್‌ಗೇ ಸೇರಿಸಿಲ್ಲ ಕಣ್ರೀ" ಅಂದರು. ಪ್ರೈವೇಟ್ ರೆಪೊಗೆ ಅನುಮತಿ ಇಲ್ಲದವರು ಕೈ ಹಾಕಿದರೆ ಗಿಟ್‌ಹಬ್ "ಅನುಮತಿ ಇಲ್ಲ" ಅನ್ನಲ್ಲ, "ಇಲ್ಲವೇ ಇಲ್ಲ" ಅನ್ನುತ್ತೆ. ಹಾಗೊಂದು ರೆಪೊ ಇದೆ ಅನ್ನೋದು ಕೂಡ ಹೊರಗಿನವರಿಗೆ ಗೊತ್ತಾಗಬಾರದು ಅಂತ ಬೇಕಂತಲೇ ಹಾಗೆ ಮಾಡಿದ್ದಾರೆ. ಬ್ರೌಸರ್‌ನಲ್ಲಿ ತೆರೆದರೂ 404 ಬರುತ್ತೆ. ಕೀ ಕೆಲಸ ಮಾಡ್ತಿದೆ, ವಿಳಾಸ ಸರಿಯಿದೆ, ಆದರೂ ನಾಟ್ ಫೌಂಡ್ ಅಂದರೆ ಅದು ಆಕ್ಸೆಸ್ ತೊಂದರೆ ಅಂತಲೇ ಹಿಡಿಯಬೇಕು. ನಾನು ಹಿಂದೆ ನಾಲ್ಕು ವರ್ಷ ಇದ್ದ ಕಡೆ ಗಿಟ್‌ಹಬ್ ಇರಲಿಲ್ಲ, ನನಗೆ ಹೇಗೆ ಗೊತ್ತಾಗಬೇಕು? "ಈ ಎರರ್ ಬಂದರೆ ಲಿಂಕ್ ಹುಡುಕಬೇಡಿ, ಇಂಥವರಿಗೆ ಹೇಳಿ" ಅಂತ ಒಂದು ಸಾಲು ಬರೆದಿದ್ದರೆ ನನ್ನ ಒಂದೂವರೆ ದಿನ ಉಳಿಯುತ್ತಿತ್ತು.

ಪೋರ್ಟಲ್‌ನಲ್ಲಿ ಟಿಕೆಟ್ ಹಾಕಿದೆ. ಅದಕ್ಕೆ ಮ್ಯಾನೇಜರ್ ಅಪ್ರೂವಲ್ ಬೇಕು. ಮ್ಯಾನೇಜರ್ ರಜೆಯಲ್ಲಿ. ಶುಕ್ರವಾರ ಸುಮ್ನೆ ಕೂತು ಮನೆಗೆ ಬಂದೆ. ಮುಂದಿನ ಸೋಮವಾರ ಅಪ್ರೂವ್ ಆಯಿತು, ಆಗ ಬೇರೆ ಎರರ್! ಎಲ್ಲಾ ಕಡೆಗೂ ಕಂಪನಿಯದೇ ಒಂದು ಲಾಗಿನ್, ಅಂದರೆ ಎಸ್‌ಎಸ್‌ಒ ಇದ್ದರೆ ಗಿಟ್‌ಹಬ್ ಸೆಟ್ಟಿಂಗ್ಸ್‌ನಲ್ಲಿ ನಮ್ಮ ಕೀ ಪಕ್ಕ `Configure SSO` ಒತ್ತಿ ಆಥರೈಸ್ ಮಾಡಬೇಕಂತೆ. ಅದೂ ಮೇಲ್‌ನಲ್ಲಿಲ್ಲ.

ನನಗೆ ಬೇಜಾರು ಆ ಮೇಲ್ ಮೇಲಷ್ಟೇ ಅಲ್ಲ. ನಾನು ಬರೋದು ಎರಡು ತಿಂಗಳ ಮುಂಚೆಯೇ ಗೊತ್ತಿತ್ತು, ನೋಟಿಸ್ ಪೀರಿಯಡ್ ಅಷ್ಟಿತ್ತು. ಅಷ್ಟು ದಿನದಲ್ಲಿ ಗ್ರೂಪ್‌ಗೆ ಸೇರಿಸಿ, ಗಿಟ್‌ಹಬ್ ಟಿಕೆಟ್ ಹಾಕಿ, ಮ್ಯಾನೇಜರ್ ರಜೆಗೆ ಹೋಗೋ ಮುಂಚೆ ಅಪ್ರೂವ್ ಮಾಡಿಸಬಹುದಿತ್ತು. ಇದು ಯಾವುದನ್ನೂ ಮಾಡದೆ, ಹಳೇ ಮೇಲ್‌ನಲ್ಲಿ ಹೆಸರೊಂದನ್ನ ಬದಲಿಸಿ ಕಳಿಸಿದರೆ ಕೆಲಸ ಮುಗೀತು ಅಂತ ಅಂದುಕೊಳ್ತಾರಲ್ಲ, ಅದು ನನಗೆ ಸಹಿಸೋಕಾಗಲ್ಲ. ಯಾರೋ ಒಬ್ಬರು ಕೂತು ಒಂದೊಂದು ಲಿಂಕ್ ಒತ್ತಿ, ಒಂದೊಂದು ಹೆಸರಿನವರು ಇನ್ನೂ ಆಫೀಸಿನಲ್ಲಿದ್ದಾರಾ ಅಂತ ನೋಡೋಕೆ ಎಷ್ಟು ಹೊತ್ತು? ಹತ್ತು ನಿಮಿಷ.

ನಾನು ತಪ್ಪುಗಳನ್ನೆಲ್ಲಾ ತಿದ್ದಿ, ಎಸ್‌ಎಸ್‌ಒ ವಿಷಯ ಸೇರಿಸಿ, ಸಮಯ ಎಲ್ಲಾ ನಮ್ಮ ಲೆಕ್ಕದಲ್ಲಿ ಬರೆದು ಎಚ್‌ಆರ್‌ಗೆ ಕಳಿಸಿದೆ. "ಥ್ಯಾಂಕ್ಯೂ, ಆದರೆ ಟೆಂಪ್ಲೇಟ್ ಬದಲಿಸೋದು ನಮ್ಮ ಕೈಲಿಲ್ಲ" ಅಂತ ಉತ್ತರ ಬಂತು. ಯಾರ ಕೈಲಿದೆ ಅಂತ ಕೇಳಿದ್ದಕ್ಕೆ ಇವತ್ತಿನವರೆಗೂ ಉತ್ತರವಿಲ್ಲ.

ಹೋದ ವಾರ ನಮ್ಮ ಟೀಮ್‌ಗೆ ಒಬ್ಬ ಹುಡುಗ ಸೇರಿದ, ಕಾಲೇಜು ಮುಗಿಸಿ ಇದೇ ಮೊದಲ ಕೆಲಸ. ಬುಧವಾರ ಮಧ್ಯಾಹ್ನ ಲ್ಯಾಪ್‌ಟಾಪ್ ಹಿಡ್ಕೊಂಡು ನನ್ನ ಹತ್ತಿರ ಬಂದ. "ಅಕ್ಕಾ, ಬೆಳಗ್ಗೆಯಿಂದ ನೋಡ್ತಿದ್ದೀನಿ, ಲಿಂಕ್ ಎಲ್ಲಿ ತಪ್ಪು ಬರೆದಿದ್ದೀನೋ ಗೊತ್ತಾಗ್ತಿಲ್ಲ" ಅಂದ. ಸ್ಕ್ರೀನ್ ಮೇಲೆ `Repository not found`.