ಊರಿಗೆ ಹೋಗಿ ತಿಳಿಸುತ್ತೇವೆ

ಹೆಣ್ಣು ನೋಡಲು ಬಂದವರು ಉಪ್ಪಿಟ್ಟು, ಕೇಸರಿಬಾತು ಮುಗಿಸಿ, ಚಪ್ಪಲಿ ಮೆಟ್ಟುತ್ತಾ "ಊರಿಗೆ ಹೋಗಿ ತಿಳಿಸುತ್ತೇವೆ" ಎಂದರೆ ನಮ್ಮ ಅಜ್ಜಿ ಅಂದೇ ಸಂಜೆ ಬೇರೆ ಜಾತಕ ಹುಡುಕಲು ಕೂರುತ್ತಿದ್ದರು. ಅಂಥ ಅಜ್ಜಿಯ ಮೊಮ್ಮಗನಾದ ನನಗೆ ಒಸಾಕಾದಿಂದ ಬಂದ ಒಂದು ಇಮೇಲ್ ಅರ್ಥವಾಗಲು ಆರು ವಾರ ಹಿಡಿಯಿತು.

ಪೀಣ್ಯದ ನಮ್ಮ ಕಾರ್ಖಾನೆಯಲ್ಲಿ ಹಿತ್ತಾಳೆಯ ಸಣ್ಣ ಬಿಡಿಭಾಗಗಳನ್ನು ಮಾಡಿ ಜಪಾನಿಗೆ ಕಳುಹಿಸುತ್ತೇವೆ. ಹಿತ್ತಾಳೆ ದುಬಾರಿಯಾದಾಗ, ನಮ್ಮ ಬೆಲೆಯನ್ನು ಶೇಕಡಾ 8ರಷ್ಟು ಏರಿಸಬೇಕೆಂದು ಬರೆದೆ. ಇಂಗ್ಲಿಷಿನಲ್ಲಿ ಬಂದ ಉತ್ತರದ ತಿರುಳು ಇಷ್ಟು: ನಿಮ್ಮ ಪ್ರಸ್ತಾಪಕ್ಕೆ ಕೃತಜ್ಞತೆಗಳು, ಸಕಾರಾತ್ಮಕವಾಗಿ ಪರಿಶೀಲಿಸುತ್ತೇವೆ, ಸದ್ಯಕ್ಕೆ ಸ್ವಲ್ಪ ಕಷ್ಟವಾಗಬಹುದು. ನಮ್ಮ ಮಾಲೀಕರು ಕನ್ನಡಕ ಏರಿಸಿ "ಸಕಾರಾತ್ಮಕ" ಎಂಬುದನ್ನು ಎರಡು ಸಲ ಓದಿದರು. "ಸ್ವಲ್ಪ ಕಷ್ಟ ಅಂದಿದ್ದಾರೆ, ಆಗುವುದಿಲ್ಲ ಅಂದಿಲ್ಲವಲ್ಲ" ಎಂದರು. ಆರು ವಾರದ ನಂತರ ಮುಂದಿನ ಆರ್ಡರ್ ಬಂತು, ಹಳೆಯ ಬೆಲೆಯಲ್ಲೇ. ನಮ್ಮ ಪ್ರಸ್ತಾಪದ ಬಗ್ಗೆ ಅದರಲ್ಲಿ ಚಕಾರವಿರಲಿಲ್ಲ.

ತಪ್ಪು ಅವರದಲ್ಲ. ಆ ಇಂಗ್ಲಿಷಿನ ಅಡಿಯಲ್ಲಿ ಜಪಾನಿ ಭಾಷೆ ಮಲಗಿತ್ತು. ಅಲ್ಲಿ ಕಷ್ಟ ಎಂಬುದಕ್ಕೆ 'ಮುಜುಕಾಶೀ' ಎನ್ನುತ್ತಾರೆ. ವ್ಯಾಪಾರದ ಮಾತಿನಲ್ಲಿ ಅದು ಬಹುಮಟ್ಟಿಗೆ ಮುಚ್ಚಿದ ಬಾಗಿಲು. ನಮ್ಮ ಎಂಜಿನಿಯರುಗಳಿಗೋ ಕಷ್ಟ ಎಂದೊಡನೆ ತೋಳೇರಿಸುವ ಹುಮ್ಮಸ್ಸು. ಪರಿಶೀಲಿಸುತ್ತೇವೆ ಎನ್ನುವ 'ಕೆಂತೋ ಶಿಮಾಸು' ಇನ್ನೂ ಜಾರುವ ಮಾತು. ಒಸಾಕಾದ ವ್ಯಾಪಾರಿಗಳಂತೂ ಬೇಡ ಎನ್ನುವುದಕ್ಕೆ 'ಯೋಚಿಸಿ ಇಟ್ಟಿರುತ್ತೇನೆ' ಎನ್ನುವುದಕ್ಕೆ ಹೆಸರಾದವರು. ಯೋಚಿಸಿ ಎಲ್ಲಿಡುತ್ತಾರೆ ಎಂದು ಕೇಳಬಾರದು; ನಮ್ಮ ಮನೆಗಳ ಅಟ್ಟವನ್ನು ನೆನೆದರೆ ಸಾಕು. ಇನ್ನೊಂದು ಮಾತು ನನಗೆ ಬಹಳ ಇಷ್ಟ. ಪ್ರಸ್ತಾಪವನ್ನು ಕೈಬಿಡುವುದಕ್ಕೆ 'ಮಿಓಕುರು' ಎನ್ನುತ್ತಾರೆ. ನೆಂಟರನ್ನು ಸ್ಟೇಷನ್ನಿನವರೆಗೆ ಹೋಗಿ ಬೀಳ್ಕೊಡುವುದಕ್ಕೂ ಅದೇ ಪದ. ನನ್ನ ಶೇಕಡಾ 8ನ್ನು ಅವರು ರೈಲು ಹತ್ತಿಸಿ ಕೈ ಬೀಸಿದ್ದರು, ಅಷ್ಟೇ.

ಹಾಗೆಂದು ಪರಿಶೀಲಿಸುತ್ತೇವೆ ಎಂದಾಗಲೆಲ್ಲ ಎಳ್ಳುನೀರು ಬಿಡುವಂತಿಲ್ಲ. ಅಲ್ಲಿನ ಅನೇಕ ಕಂಪನಿಗಳಲ್ಲಿ 'ರಿಂಗಿ' ಎಂಬ ಪದ್ಧತಿಯುಂಟು. ಪ್ರಸ್ತಾಪದ ಕಾಗದ ವಿಭಾಗದಿಂದ ವಿಭಾಗಕ್ಕೆ ಅಲೆದು, ಒಬ್ಬೊಬ್ಬರ ಮುದ್ರೆ ಒತ್ತಿಸಿಕೊಂಡು ಮೇಲೇರಬೇಕು. ಆಗ ಪತ್ರ ಬರೆದವನಿಗೆ ನಿಜವಾಗಿಯೂ ಕಾಯುವುದಷ್ಟೇ ಕೆಲಸ. ಎರಡೂ ಪತ್ರಗಳಲ್ಲಿ ಇರುವುದು ಅದೇ ಪದ. ಹಾಗಾದರೆ ವ್ಯತ್ಯಾಸ ತಿಳಿಯುವುದು ಹೇಗೆ?

ಅದನ್ನು ಕಲಿಸಿದ್ದು ಮರುವರ್ಷ ಬಂದ ಒಂದು ಸಿಡುಕು ಪತ್ರ. ಹೊಸ ನಮೂನೆಯ ಒಂದು ನಾಜಲ್ ಮಾಡಿಕೊಡುತ್ತೇವೆಂದು ಬರೆದಿದ್ದೆವು. ಉತ್ತರವಾಗಿ 14 ಪ್ರಶ್ನೆಗಳು ಬಂದವು. ಹಿತ್ತಾಳೆಯಲ್ಲಿ ಸೀಸದ ಪ್ರಮಾಣ ಎಷ್ಟು, ಅಳತೆಯನ್ನು ಯಾವ ಉಪಕರಣದಿಂದ ನೋಡುತ್ತೀರಿ, ಪೆಟ್ಟಿಗೆಯೊಳಗೆ ತುಕ್ಕು ತಡೆಯುವ ಕಾಗದ ಹಾಕುತ್ತೀರಾ, ಹೀಗೆ. ಒಂದೇ ಒಂದು ಸಿಹಿಮಾತಿಲ್ಲ. ಕೊನೆಯಲ್ಲಿ ಮಾತ್ರ ಶುಕ್ರವಾರದೊಳಗೆ ಉತ್ತರ ಬೇಕು ಎಂದಿತ್ತು. "ಇವರಿಗೆ ನಮ್ಮ ಮೇಲೆ ನಂಬಿಕೆಯೇ ಇಲ್ಲ" ಎಂದು ಮಾಲೀಕರು ಮುಖ ಸಿಂಡರಿಸಿದರು. ಎರಡು ತಿಂಗಳಲ್ಲಿ ಆರ್ಡರ್ ಬಂತು. ಮುದ್ರೆ ಒತ್ತುವವರೆಲ್ಲ ಕೇಳಬಹುದಾದ ಪ್ರಶ್ನೆಗಳಿಗೆ ಆ ಪತ್ರ ಬರೆದ ಮನುಷ್ಯ ಮೊದಲೇ ಉತ್ತರ ಕೂಡಿಹಾಕುತ್ತಿದ್ದ. ಸೀರೆಯ ಸೆರಗು ಎಳೆದು, ಬಣ್ಣ ಹೋಗುತ್ತದೆಯೇ ಎಂದು ಗೊಣಗುವ ಹೆಂಗಸು ಕೊಳ್ಳುತ್ತಾಳೆ. "ಬಹಳ ಚೆನ್ನಾಗಿದೆ" ಎಂದವಳು ಮುಂದಿನ ಅಂಗಡಿಗೆ ಹೋಗುತ್ತಾಳೆ. ಚಿಕ್ಕಪೇಟೆಯವರಿಗೆ ಇದನ್ನು ಯಾರೂ ಹೇಳಿಕೊಡಬೇಕಿಲ್ಲ. ಈಗ ನಾನು ಪತ್ರದಲ್ಲಿ ಪ್ರಶ್ನೆಯನ್ನೂ ತಾರೀಖನ್ನೂ ಹುಡುಕುತ್ತೇನೆ. ಎರಡೂ ಇಲ್ಲದೆ ಬರೀ ಕೃತಜ್ಞತೆಯಿದ್ದರೆ ಬೇರೆ ಜಾತಕ ನೋಡುತ್ತೇನೆ.

ಅನುಮಾನ ಉಳಿದರೆ ಒಂದು ಉಪಾಯವಿದೆ. ಒಪ್ಪುತ್ತೀರಾ ಎಂದು ಕೇಳಿದರೆ ಅವರು ಇಲ್ಲ ಎನ್ನಬೇಕಾಗುತ್ತದೆ; ಅದು ಬಾಯಿಗೆ ಬರುವುದಿಲ್ಲ. "ಈ ವಿಷಯವನ್ನು ಸದ್ಯಕ್ಕೆ ಪಕ್ಕಕ್ಕಿಡೋಣವೇ?" ಎಂದು ಬರೆಯುತ್ತೇನೆ. "ಹೌದು, ನಿಮ್ಮ ತಿಳುವಳಿಕೆಗೆ ಧನ್ಯವಾದ" ಎಂದು ಮರುದಿನವೇ ಉತ್ತರ ಬರುತ್ತದೆ. ಆರು ವಾರ ಕಾಯಬೇಕಾದ 'ಇಲ್ಲ' ಒಂದೇ ದಿನದಲ್ಲಿ 'ಹೌದು' ಎಂಬ ವೇಷದಲ್ಲಿ ಬಂದು ನಿಲ್ಲುತ್ತದೆ.

ಕಳೆದ ವಾರ ಅವರು, ಮಾರ್ಚ್ 15ಕ್ಕೆ ಸರಕು ಹೊರಡುತ್ತದೆಯೇ ಎಂದು ಕೇಳಿದ್ದರು. ಲೋಹದ ಸರಳುಗಳೇ ಇನ್ನೂ ಬಂದಿರಲಿಲ್ಲ. "ಖಂಡಿತ ಪ್ರಯತ್ನಿಸುತ್ತೇವೆ" ಎಂದು ಬರೆದೆ. ಇಂದು ಬೆಳಿಗ್ಗೆ ಅವರ ಪತ್ರ ಬಂದಿದೆ: ಹಡಗಿನಲ್ಲಿ ಜಾಗ ಕಾದಿರಿಸಿದ್ದಾರಂತೆ.