ವಿಡಿಯೋ ಕಟ್ ಮಾಡಿದ್ರೆ ಕಟ್ ಮಾಡಿದೀನಿ ಅಂತ ಹೇಳ್ಬೇಕು

ಹೋದ ಮಳೆಗಾಲದ ಮುಂಚೆ ನಮ್ಮ ಅಡಿಕೆ ಚಾನೆಲ್‌ಗೆ ಬೋರ್ಡೋ ದ್ರಾವಣ ಮಾಡೋ ವಿಡಿಯೋ ಹಾಕಿದ್ದೆ, 14 ನಿಮಿಷ 20 ಸೆಕೆಂಡಿಂದು. ಶೇಕಡಾ 1ರ ದ್ರಾವಣಕ್ಕೆ 1 ಕೆಜಿ ಮೈಲುತುತ್ತು, 1 ಕೆಜಿ ಸುಣ್ಣ, 100 ಲೀಟರ್ ನೀರು, ಇದು ಕೊಳೆ ಔಷಧಿ ಹೊಡೆಯೋರಿಗೆಲ್ಲ ಗೊತ್ತಿರೋದೇ. ಆದ್ರೆ ನಾನು ಮಾತಾಡೋ ಭರದಲ್ಲಿ 10 ಲೀಟರ್ ಅಂದ್ಬಿಟ್ಟಿದೀನಿ, ಥಂಬ್‌ನೇಲ್ ಮೇಲೂ ಅದನ್ನೇ ದೊಡ್ಡದಾಗಿ ಬರೆದಿದೀನಿ. ಮೂರನೇ ದಿನ ಪಕ್ಕದೂರಿನ ಹಿರಿಯರೊಬ್ರು ಫೋನ್ ಮಾಡಿ, "ತಮ್ಮಾ, ಹತ್ತು ಪಟ್ಟು ಗಟ್ಟಿ ಹೇಳಿದೀಯಲ್ಲೋ, ಹೊಸಬ್ರು ಯಾರಾದ್ರೂ ಹಂಗೇ ಹೊಡೆದ್ರೆ ಏನು ಗತಿ" ಅಂದ್ರು. ಎದೆ ಧಸಕ್ ಅಂತು.

ಯೂಟ್ಯೂಬಲ್ಲಿ ಒಂದ್ಸಲ ಹಾಕಿದ ವಿಡಿಯೋ ಫೈಲ್ ತೆಗೆದು ಅದೇ ಲಿಂಕಿಗೆ ಬೇರೆ ಫೈಲ್ ಹಾಕಕ್ಕೆ ಬರಲ್ಲ. ಆದ್ರೆ ಮಧ್ಯದಿಂದ ಕತ್ತರಿಸಬಹುದು. ಕಂಪ್ಯೂಟರಲ್ಲಿ studio.youtube.com ತೆಗೆದು, ಆ ವಿಡಿಯೋ ಆರಿಸಿ, ಎಡಗಡೆ Editor, ಆಮೇಲೆ Trim & cut, New cut ಒತ್ತಿದ್ರೆ ಒಂದು ಕೆಂಪು ಚೌಕ ಬರುತ್ತೆ, ಅದನ್ನ ಬೇಡದ ಭಾಗದ ಮೇಲೆ ಎಳೆದು ಸೇವ್ ಮಾಡೋದು. ನಾನು 4:10ರಿಂದ 4:45ರವರೆಗೆ ತೆಗೆದೆ. ಪ್ರೋಸೆಸ್ ಮುಗಿಯೋವರೆಗೆ ಜನಕ್ಕೆ ಹಳೇದೇ ಕಾಣ್ತಿರುತ್ತೆ, ಅದಕ್ಕೇ ತಪ್ಪು ಅಪಾಯದ್ದಾಗಿದ್ರೆ ಅಷ್ಟೊತ್ತು ವಿಡಿಯೋನ ಪ್ರೈವೇಟ್ ಮಾಡಿಡೋದು ಒಳ್ಳೇದು. 6 ಗಂಟೆಗಿಂತ ಉದ್ದದ ವಿಡಿಯೋಗೆ ಇದು ನಡೆಯಲ್ಲ, ಮತ್ತೆ ಯೂಟ್ಯೂಬಿಂದ ದುಡ್ಡು ಬರೋ ಪಾರ್ಟ್ನರ್ ಪ್ರೋಗ್ರಾಮಲ್ಲಿ ಇಲ್ದೇ ಇರೋ ಚಾನೆಲ್ ಆದ್ರೆ 1 ಲಕ್ಷ ವ್ಯೂಸ್ ದಾಟಿದ ಮೇಲೆ ಬ್ಲರ್ ಬಿಟ್ಟು ಬೇರೆ ಬದಲಾವಣೆ ಸೇವ್ ಆಗದೇ ಹೋಗಬಹುದು.

ಲಿಂಕ್ ಅದೇ, ವ್ಯೂಸ್ ಅದೇ, ಕಾಮೆಂಟೂ ಅದೇ ಉಳೀತು. ಇಲ್ಲೇ ನಂಗೆ ಕಸಿವಿಸಿ ಶುರುವಾಗಿದ್ದು. ವಿಡಿಯೋ ಈಗ 13:45, ಆದ್ರೆ ಡಿಸ್ಕ್ರಿಪ್ಶನಲ್ಲಿ ನಾನು ಕೈಯಾರೆ ಬರೆದ ಟೈಮು ಹಳೇ ಲೆಕ್ಕದ್ದು, 6:20 ಅಂತ ಇದ್ದ ಭಾಗ ಈಗ 5:45ಕ್ಕೆ ಬಂದಿದೆ, ಕತ್ತರಿಸಿದ ಜಾಗದ ನಂತರದ್ದೆಲ್ಲ 35 ಸೆಕೆಂಡ್ ಹಿಂದಕ್ಕೆ ಹಾಕಿ ತಿದ್ದಬೇಕಾಯ್ತು. ಜನರ ಕಾಮೆಂಟಲ್ಲಿರೋ ಟೈಮನ್ನ ನಾನು ತಿದ್ದಕ್ಕೆ ಆಗಲ್ಲ. ಅದಕ್ಕಿಂತ ಬೇಜಾರಿಂದು ಏನಂದ್ರೆ "4:20ರಲ್ಲಿ ಹೇಳಿದ ಅಳತೆ ತಪ್ಪು" ಅಂತ ಬರೆದವರು ಈಗ ಸುಳ್ಳು ಹೇಳಿದವರ ಥರ ಕಾಣ್ತಾರೆ, ತಪ್ಪು ಮಾಡಿದ ನಾನು ಕ್ಲೀನ್.

ಯೂಟ್ಯೂಬಲ್ಲಿ ಕಾಮೆಂಟ್ ತಿದ್ದಿದ್ರೆ ಪಕ್ಕದಲ್ಲಿ ತಿದ್ದಿದ್ದು ಅಂತ ಗುರುತು ಬೀಳುತ್ತೆ. ಇಲ್ಲಿ ಫೇಸ್‌ಬುಕ್ಕಲ್ಲಿ ಈ ಪೋಸ್ಟನ್ನೇ ನಾನು ತಿದ್ದಿದ್ರೂ ಮೂರು ಚುಕ್ಕಿ ಒತ್ತಿ View edit history ನೋಡಬಹುದು. ವಿಡಿಯೋದಿಂದ 35 ಸೆಕೆಂಡ್ ಮಾಯ ಮಾಡಿದ್ರೆ ಮಾತ್ರ ನೋಡೋರಿಗೆ ಒಂದು ಗುರುತೂ ಇಲ್ಲ! ಇದು ಸರಿಯಲ್ಲ ಅಂತ ನಂಗೆ ಗಟ್ಟಿಯಾಗಿ ಅನ್ಸುತ್ತೆ, ಕಾಮೆಂಟಿಗೆ ಕೊಡೋ ಗುರುತನ್ನ ವಿಡಿಯೋಗೂ ಕೊಡಬೇಕು.

ಹಂಗಾಗಿ ನೋಡೋರು ಪತ್ತೆದಾರಿಕೆ ಮಾಡಬೇಕು. ಸುಲಭದ್ದು ಕಾಮೆಂಟಿನ ಟೈಮ್ ನೋಡೋದು. 13:45ಕ್ಕೆ ಮುಗಿಯೋ ವಿಡಿಯೋ ಕೆಳಗೆ ಯಾರೋ "14:05ರಲ್ಲಿ ಹೇಳಿದ್ದು ಚೆನ್ನಾಗಿದೆ" ಅಂತ ಬರೆದಿದ್ರೆ ಏನೋ ಕಟ್ ಆಗಿದೆ ಅಂತಲೇ ಲೆಕ್ಕ. ಇನ್ನೊಂದು, web.archive.org ಗೆ ಹೋಗಿ ವಿಡಿಯೋ ಲಿಂಕ್ ಹಾಕೋದು. ಯಾರಾದ್ರೂ ಹಿಂದೆ ಆ ಪೇಜ್ ಸೇವ್ ಮಾಡಿದ್ರೆ ಬೇರೆ ಬೇರೆ ದಿನಾಂಕದ ಟೈಟಲ್, ಡಿಸ್ಕ್ರಿಪ್ಶನ್ ಹೋಲಿಸಿ ನೋಡಬಹುದು. ವಿಡಿಯೋ ಸಾಮಾನ್ಯವಾಗಿ ಅಲ್ಲಿ ಓಡಲ್ಲ, ಸೇವ್ ಆಗಿರದಿದ್ರೆ ಏನೂ ಸಿಗಲ್ಲ. ಥಂಬ್‌ನೇಲ್‌ಗೆ ಅದೇ ಜಾಗದಲ್ಲಿ ಈ ವಿಳಾಸ ಹಾಕಿ ನೋಡಿ, VIDEO_ID ಅಂತ ಇರೋ ಕಡೆ ಆ ವಿಡಿಯೋದ ಐಡಿ:

```
https://i.ytimg.com/vi/VIDEO_ID/hqdefault.jpg
```

ಥಂಬ್‌ನೇಲ್ ಬೇರೆ ಕಂಡ ತಕ್ಷಣ ಬದಲಾಯಿಸಿದ್ರು ಅಂತ ಹೇಳಕ್ಕೂ ಬರಲ್ಲ, ಈಗ ಮೂರರವರೆಗೆ ಥಂಬ್‌ನೇಲ್ ಹಾಕಿ ಬೇರೆ ಬೇರೆಯವರಿಗೆ ಬೇರೆ ಬೇರೆ ತೋರಿಸಿ ಪರೀಕ್ಷೆ ಮಾಡೋ ಸೌಲಭ್ಯ ಇದೆ.

ನಾನು ಥಂಬ್‌ನೇಲನ್ನೂ ಬದಲಾಯಿಸಿದೆ, ಅದು ಎರಡು ನಿಮಿಷದ ಕೆಲ್ಸ. ಆದ್ರೆ ನಮ್ಮ ಅಡಿಕೆ ವಾಟ್ಸಾಪ್ ಗ್ರೂಪಲ್ಲಿ ಮೊದಲೇ ಹಂಚಿದ್ದ ಲಿಂಕಲ್ಲಿ ಹಳೇ ಚಿತ್ರವೇ "10 ಲೀಟರ್" ಅಂತ ಕೂತಿತ್ತು, ಯಾಕಂದ್ರೆ ಆ ಚಿತ್ರ ಕಳಿಸೋ ಹೊತ್ತಲ್ಲೇ ಮೆಸೇಜ್ ಜೊತೆ ಸೇರ್ಕೊಂಡು ಹೋಗಿರುತ್ತೆ. ಯೂಟ್ಯೂಬಲ್ಲಿ ತಿದ್ದಿದ್ರೆ ಅಲ್ಲಿ ಬದಲಾಗಲ್ಲ. ಅಂಥಾ ಗ್ರೂಪಿಗೆಲ್ಲ ಮತ್ತೆ ಹೋಗಿ ತಪ್ಪಾಗಿತ್ತು ಅಂತ ಹೇಳಿ ಹೊಸದಾಗಿ ಲಿಂಕ್ ಹಾಕಿದೆ.

ಈಗ ಆ ವಿಡಿಯೋ ಕೆಳಗೆ ಪಿನ್ ಮಾಡಿರೋ ಕಾಮೆಂಟ್ ಇದು: "4:10ರಿಂದ 35 ಸೆಕೆಂಡ್ ತೆಗೆದಿದೀನಿ. ಅಲ್ಲಿ ನೀರು 10 ಲೀಟರ್ ಅಂತ ತಪ್ಪು ಹೇಳಿದ್ದೆ, ಸರಿಯಾದದ್ದು 100 ಲೀಟರ್. ಥಂಬ್‌ನೇಲೂ ಬದಲಾಗಿದೆ. ಕೆಳಗೆ ಅಳತೆ ತಪ್ಪು ಅಂತ ಬರೆದವರು ಸರಿಯಾಗೇ ಹೇಳಿದಾರೆ."