"ಮನೇಲೇ ಇರ್ತಾನಲ್ಲ" ಅನ್ನೋರಿಗೆ

ಈಗಷ್ಟೇ ಫೋನ್ ಇಟ್ಟೆ. ಸಿಟ್ಟು ಇನ್ನೂ ಇಳಿದಿಲ್ಲ. ಚಿಕ್ಕಮ್ಮನ ಮಗಳು ಅರ್ಧ ಗಂಟೆ ಅತ್ತಳು. ಗಂಡ ದಿನಾ ರಾತ್ರಿ ಒಂದೂವರೆವರೆಗೆ ಆನ್‌ಲೈನ್ ಗೇಮ್ ಆಡ್ತಾನೆ, ಇಬ್ಬರೂ ಒಟ್ಟಿಗೆ ಕೂತು ಉಂಡು ತಿಂಗಳಾಯ್ತು. ಅತ್ತೆ ಹತ್ರ ಹೇಳಿಕೊಂಡ್ರೆ ಸಿಕ್ಕ ಉತ್ತರ: "ಕುಡಿಯೋದಿಲ್ಲ, ಹೊರಗೆ ಅಲೆಯೋದಿಲ್ಲ, ಮನೇಲೇ ಇರ್ತಾನಲ್ಲ, ಇನ್ನೇನು ಬೇಕಮ್ಮ ನಿನಗೆ?"

ಇದೇ ಮಾತನ್ನ ನಾನೂ ಎರಡು ವರ್ಷ ಕೇಳಿದ್ದೀನಿ. ನಮ್ಮನೆ ಕಥೆ ನಿಮ್ಮಲ್ಲಿ ಹಲವರಿಗೆ ಗೊತ್ತು. ನನ್ನ ಗಂಡ ಪಕ್ಕದ ಕೋಣೆಯಲ್ಲೇ ಇದ್ದಾರೆ, ಆದರೆ ಮಾತಾಡಿಸಿದ್ರೆ ಹೆಡ್‌ಫೋನ್ ಒಂದು ಕಿವಿಯಿಂದ ಸರಿಸಿ "ಈ ಮ್ಯಾಚ್ ಮುಗೀಲಿ" ಅಂತಾರೆ. ಊರಲ್ಲಿಲ್ಲದ ಗಂಡನಿಗೆ ಕಾಯೋದು ಬೇರೆ. ಗೋಡೆಯಾಚೆ ನಗುತ್ತಾ ಇರೋ ಗಂಡನಿಗೆ ಕಾಯೋದಿದೆಯಲ್ಲ, ಅದು ಬೇರೇನೇ ನೋವು.

ಮೊದಲು ನಾನು ಮಾಡಿದ್ದೆಲ್ಲ ತಪ್ಪು. ಒಂದು ರಾತ್ರಿ ವೈಫೈ ಆಫ್ ಮಾಡಿದೆ. ಅವರು ಆಡ್ತಿದ್ದದ್ದು ಐದೈದು ಜನರ ತಂಡದ ಆಟ. ಅದನ್ನ ಮಧ್ಯದಲ್ಲಿ ನಿಲ್ಲಿಸಿಡೋಕೆ ಬರೋದಿಲ್ಲ. ಒಬ್ಬ ಎದ್ದು ಹೋದ್ರೆ ಉಳಿದ ನಾಲ್ವರು ಸಾಮಾನ್ಯವಾಗಿ ಸೋಲ್ತಾರೆ, ಬಿಟ್ಟು ಹೋದವನಿಗೆ ಆಟದಲ್ಲೇ ದಂಡವೂ ಬೀಳುತ್ತೆ. ನನ್ನ ಕಣ್ಣಿಗೆ ಅದು ಬರೀ ಆಟ, ಅವರಿಗೆ ನಾಲ್ಕು ಜನ ಸ್ನೇಹಿತರ ಮುಂದೆ ಆದ ಅವಮಾನ. ಆಮೇಲೆ ಮೂರು ದಿನ ಮನೆಯಲ್ಲಿ ಮಾತಿಲ್ಲ.

"ಹತ್ತೂವರೆಗೆ ನಿಲ್ಲಿಸಿ" ಅನ್ನೋದು ಎರಡನೇ ತಪ್ಪು. ಒಪ್ಪಿಕೊಳ್ತಿದ್ರು, ಮನಸ್ಸಿಂದಲೇ ಒಪ್ಪಿಕೊಳ್ತಿದ್ರು. ಆದರೆ ಅವರ ಒಂದು ಮ್ಯಾಚ್‌ಗೆ ಮೂವತ್ತರಿಂದ ನಲವತ್ತು ನಿಮಿಷ ಬೇಕು. ಹತ್ತೂ ಇಪ್ಪತ್ತಕ್ಕೆ ಶುರು ಮಾಡಿದ್ದು ಹನ್ನೊಂದಕ್ಕೆ ಮುಗಿಯುತ್ತೆ. ಅದರಲ್ಲಿ ಸೋತ್ರೆ, ಸೋತು ಮಲಗೋಕೆ ಮನಸ್ಸಾಗದೆ ಇನ್ನೊಂದು. ಆಟಗಳು ಸಾಮಾನ್ಯವಾಗಿ ಸಮಬಲದವರನ್ನೇ ಎದುರು ನಿಲ್ಲಿಸುತ್ತವೆ, ಹಾಗಾಗಿ "ಒಂದು ಗೆದ್ದು ಎದ್ದೇಳ್ತೀನಿ" ಅನ್ನೋ ಮಾತಿಗೆ ಗಡಿಯಾರವೇ ಇಲ್ಲ.

ಇದು ಗೊತ್ತಾಗಿದ್ದು ಎರಡು ವಾರ ಬರೆದಿಟ್ಟ ಮೇಲೆ. ಎಷ್ಟು ಹೊತ್ತಿಗೆ ಕೂತರು, ಎದ್ದೇಳ್ತೀನಿ ಅಂದದ್ದು ಯಾವಾಗ, ಎದ್ದದ್ದು ಯಾವಾಗ. ಅಷ್ಟೇ, ಬೈಗುಳ ಬರೆಯಲಿಲ್ಲ. ಹದಿನಾಲ್ಕು ದಿನದಲ್ಲಿ ಹನ್ನೊಂದು ರಾತ್ರಿ ಹನ್ನೆರಡು ದಾಟಿತ್ತು. ಭಾನುವಾರ ಬೆಳಿಗ್ಗೆ, ಅವರು ನಿದ್ದೆ ಮಾಡಿ ಎದ್ದು ಸಮಾಧಾನವಾಗಿದ್ದಾಗ ಅದನ್ನ ಮುಂದಿಟ್ಟೆ. ಅದಕ್ಕೆ ಮೊದಲು ಅವರೇ ಅಂದಿದ್ದು ವಾರಕ್ಕೆ ಎರಡು ದಿನ ತಡವಾಗುತ್ತೆ ಅಂತ. ಸುಳ್ಳಲ್ಲ, ಅವರಿಗೆ ನಿಜವಾಗಿ ಹಾಗೇ ಅನ್ನಿಸಿತ್ತು.

ಅವತ್ತು ಅವರು ಹೇಳಿದ ಒಂದು ಮಾತು ಇನ್ನೂ ಮರೆತಿಲ್ಲ: "ಒಂಬತ್ತಕ್ಕೆ ಅಲ್ಲಿ ನಾಲ್ಕು ಜನ ನನಗೋಸ್ಕರ ಕಾಯ್ತಿರ್ತಾರೆ ಕಣೇ." ನಾನೂ ಕಾಯ್ತಿದ್ದೆ ಅಂದೆ. ಇಬ್ಬರೂ ಅತ್ತೆವು.

ಆಮೇಲೆ ನಿಯಮ ಬದಲಾಯ್ತು. ನಿಲ್ಲಿಸೋ ಹೊತ್ತನ್ನ ಬಿಟ್ಟು, ಶುರು ಮಾಡೋ ಹೊತ್ತು ಗೊತ್ತು ಮಾಡಿದೆವು: ಒಂಬತ್ತೂ ಮುಕ್ಕಾಲಾದ ಮೇಲೆ ಹೊಸ ಮ್ಯಾಚ್ ಇಲ್ಲ. ಶುರುವಾಗಿದ್ದನ್ನ ಪೂರ್ತಿ ಆಡಲಿ, ನಾನು ತುಟಿ ಬಿಚ್ಚೋದಿಲ್ಲ. ವಾರಕ್ಕೆ ಎರಡು ಸಂಜೆ ಆಟವೇ ಇಲ್ಲ, ಅದನ್ನ ತಂಡದವರಿಗೆ ಅವರೇ ಮೊದಲೇ ಹೇಳಿಬಿಡ್ತಾರೆ. ಆ ಸಂಜೆ ಹಳೇ ಲೆಕ್ಕ ತೆಗೆದು ಜಗಳ ಆಡಬಾರದು ಅಂತ ನನಗೆ ನಾನೇ ಕಟ್ಟು ಹಾಕಿಕೊಂಡೆ. ಬಂದು ಕೂತವರಿಗೆ ಬೈಗುಳ ಸಿಕ್ಕಿದ್ರೆ ಯಾರು ತಾನೆ ಮತ್ತೆ ಬಂದು ಕೂರ್ತಾರೆ? ಆಟದ ಸೀಸನ್ ಮುಗಿಯೋ ಕೊನೇ ವಾರ, ಬಹುಮಾನ ಕೈತಪ್ಪುತ್ತೆ ಅಂತ ಎರಡು ಸಲ ಮಾತು ಮುರಿದರು. ಈಗ ಆ ವಾರ ಯಾವುದು ಅಂತ ಮೊದಲೇ ಕೇಳಿಟ್ಟುಕೊಳ್ತೀನಿ.

"ಗಂಡಸಿಗೂ ಒಂದು ಹವ್ಯಾಸ ಬೇಡ್ವಾ" ಅಂತ ಕಾಮೆಂಟ್ ಬರುತ್ತೆ, ಗೊತ್ತು. ಬೇಕು. ನನ್ನವರು ಈಗಲೂ ಆಡ್ತಾರೆ. ಹವ್ಯಾಸಕ್ಕೆ ಇವತ್ತು ಬೇಡ ಅಂದ್ರೆ ನಾಳೆವರೆಗೆ ಕಾಯುತ್ತೆ. ಊಟ, ನಿದ್ದೆ, ಹೆಂಡತಿಯೇ ನಾಳೆವರೆಗೆ ಕಾಯಬೇಕಾದ್ರೆ ಅದು ಹವ್ಯಾಸ ಅಲ್ಲ.

ನಮ್ಮ ಹಾಗೆ ಎಲ್ಲರಿಗೂ ಒಪ್ಪಂದದಿಂದ ಸರಿಹೋಗೋದಿಲ್ಲ ಅನ್ನೋದನ್ನೂ ಚಿಕ್ಕಮ್ಮನ ಮಗಳಿಗೆ ಹೇಳಿದೆ. ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ಒಪ್ಪಿದ ರೋಗಗಳ ಪಟ್ಟಿಯಲ್ಲಿ ಗೇಮಿಂಗ್ ಡಿಸಾರ್ಡರ್ ಇದೆ. ಆಟದ ಮೇಲೆ ಹಿಡಿತ ತಪ್ಪೋದು, ಉಳಿದೆಲ್ಲಕ್ಕಿಂತ ಅದೇ ಮೊದಲಾಗೋದು, ಹಾನಿ ಕಣ್ಣಿಗೆ ಕಂಡರೂ ಮುಂದುವರಿಸೋದು. ಇವು ಸಾಮಾನ್ಯವಾಗಿ ಹನ್ನೆರಡು ತಿಂಗಳಷ್ಟು ಇದ್ದು ಬದುಕನ್ನೇ ಕೆಡಿಸಿರಬೇಕು. ತಾನೇ ಒಪ್ಪಿದ ಮಾತನ್ನ ವಾರ ವಾರವೂ ಮುರಿಯೋದು, ಆಡಿದ ಹೊತ್ತನ್ನೋ ಖರ್ಚು ಮಾಡಿದ ದುಡ್ಡನ್ನೋ ಮುಚ್ಚಿಡೋದು, ಕೆಲಸ ತಪ್ಪಿಸೋದು ಕಂಡ್ರೆ ಮನೆಯ ಗಡಿಯಾರ ಸಾಲದು, ಮನೋವೈದ್ಯರ ಹತ್ರ ಹೋಗಬೇಕು. ಅಲ್ಲೀವರೆಗೆ ಗಂಡನ ಪರವಾಗಿ ಆಫೀಸಿಗೆ ಫೋನ್ ಮಾಡಿ "ಹುಷಾರಿಲ್ಲ" ಅನ್ನಬೇಡ ಅಂದೆ. ಅವಳು ಸುಮ್ಮನಾದಳು. ಹೋದ ವಾರವೇ ಹಾಗೆ ಮಾಡಿದ್ದಳಂತೆ.

ಇವತ್ತು ರಾತ್ರಿ ಜಗಳ ಬೇಡ, ಒಂದು ನೋಟ್‌ಬುಕ್ ತಗೋ ಅಂದಿದ್ದೀನಿ. ಎರಡು ವಾರ ಬಿಟ್ಟು ಭಾನುವಾರ ಬೆಳಿಗ್ಗೆ ಫೋನ್ ಮಾಡ್ತಾಳೆ. ಅವಳ ಅತ್ತೆಗೆ ನಾನೇ ಇವತ್ತು ಸಂಜೆ ಮಾಡ್ತೀನಿ.